ಯಾವ ಊರಿನ ನಕಾಶೆಯೂ ಅಲ್ಲ

೧ ನವೆಂಬರ್ ೧೯೮೧, ಭಾನುವಾರ. ಸೇಡಂ

ಚಿತ್ತಾಪುರದ ಸರ್ವೆ ಕಚೇರಿಯಿಂದ ನಿವೃತ್ತನಾಗಿ ಮನೆಗೆ ಬಂದೆ. ಹೆಂಡತಿ ಗುರುಲಿಂಗಮ್ಮ ಈಗಾಗಲೇ ನನ್ನನ್ನು ಹಳೇ ಪೆಟ್ಟಿಗೆಯಂತೆ ಈ ಮೂಲೆಯಿಂದ ಆ ಮೂಲೆಗೆ ಸರಿಸತೊಡಗಿದ್ದಾಳೆ. ಅಡುಗೆಮನೆಯ ಕಟ್ಟೆ ಸೊಟ್ಟಗಿದೆ ಎಂದು ಅಳೆದು ತೋರಿಸಿದ್ದಕ್ಕೆ, "ಇಷ್ಟ್ ವರ್ಷ ಸೊಟ್ಟ ಕಟ್ಟಿ ಮ್ಯಾಲಿನ ರೊಟ್ಟಿನೇ ತಿಂದೀರಿ" ಎಂದಳು. ಅದಕ್ಕೇ ಈ ದಿನಚರಿ. ಇದರಲ್ಲಿ ಏನು ಬರೆದರೂ ಯಾರೂ ತಿರುಗಿ ಮಾತಾಡುವುದಿಲ್ಲ.

ಮಗಳು ನೀಲಾಬಾಯಿಯ ವಿಷಯ ಇವತ್ತು ತೀರ್ಮಾನವಾಯಿತು. ಗುಲ್ಬರ್ಗಾದಲ್ಲಿ ಚಿತ್ರಕಲೆ ಓದಿ ಬಂದು ವರ್ಷವಾಯಿತು, ಕೆಲಸವಿಲ್ಲ. ನನ್ನ ಹಳೆಯ ಸಾಹೇಬರ ಕೈಕಾಲು ಹಿಡಿದು ಸರ್ವೆ ಕಚೇರಿಯಲ್ಲಿ ಟ್ರೇಸರ್ ಹುದ್ದೆಗೆ ಅವಳ ಅರ್ಜಿ ಹಾಕಿಸಿದ್ದೇನೆ. ನಕಾಶೆಯ ಮೇಲೆ ತೆಳುಬಟ್ಟೆ ಹಾಸಿ ಗೆರೆ ತಿದ್ದುವ ಕೆಲಸ. ನೆರಳಲ್ಲಿ ಕೂಡಬಹುದು, ಪಿಂಚಣಿ ಇದೆ. ಹುಡುಗಿಗೆ ಅದು ವಿಷದ ಬಟ್ಟಲಿನಂತೆ ಕಾಣುತ್ತದೆ. ನಮ್ಮ ಓಣಿಯ ಕಾಗಿಣಾ ವಾಚನಾಲಯದ ಹೊಸ ಸಭಾಭವನದ ಗೋಡೆಗೆ ಚಿತ್ರ ಬರೆಯುವ ಕೆಲಸ ಅವಳಿಗೆ ಸಿಕ್ಕಿದೆ. ವಾಚನಾಲಯದ ಅಧ್ಯಕ್ಷ, ಬೇಳೆ ಮಿಲ್ಲಿನ ರೇವಣಪ್ಪ, ನನ್ನ ಮುಖ ನೋಡಿ ಕೊಟ್ಟದ್ದು.

ಕರಾರು ಹೀಗೆ: ಸಂಕ್ರಾಂತಿಗೆ ಭವನದ ಉದ್ಘಾಟನೆ. ಆ ದಿನ ಚಿತ್ರ ಗೋಡೆಯ ಮೇಲೆ ಇದ್ದರೆ ಅವಳು ಟ್ರೇಸರ್ ಆಗುವುದಿಲ್ಲ, ಚಿತ್ರಗಾರ್ತಿಯಾಗಿಯೇ ಇರುತ್ತಾಳೆ. ಇಲ್ಲದಿದ್ದರೆ ಫೆಬ್ರವರಿಯಲ್ಲಿ ತುಟಿ ಬಿಚ್ಚದೆ ಕೆಲಸಕ್ಕೆ ಸೇರುತ್ತಾಳೆ. ಕೈ ಮೇಲೆ ಕೈ ಹಾಕಿ ಮಾತು ಕೊಟ್ಟಳು. ಮಳಖೇಡದ ಕೋಟೆಯನ್ನು ಅಚ್ಚುಕಟ್ಟಾಗಿ ಬರೆದರೆ ಮುಗಿಯಿತು, ಯಾರು ಬೇಡವೆನ್ನುತ್ತಾರೆ.

೯ ನವೆಂಬರ್

ಕೋಟೆ ಇಲ್ಲವಂತೆ. ಕಾಗಿಣಾ ನದಿಯೂ ಇಲ್ಲ, ತೊಗರಿ ಹೊಲವೂ ಇಲ್ಲ.

"ಮತ್ತ ಏನ್ ಬರೀತಿ?" ಎಂದೆ.

"ಬಣ್ಣ ಬರೀತೀನಿ ಅಪ್ಪಾ."

"ಬಣ್ಣದ್ಲಿಂದ ಏನ್ ಬರೀತಿ ಅಂತ ಕೇಳ್ಲಿಕತ್ತೀನಿ."

"ಅದಕ್ಕೇ ಹೇಳಿದ್ನಲ್ರಿ. ಬಣ್ಣ."

ರೇವಣಪ್ಪನಿಗೆ ಹೇಳಿದ್ದೀಯಾ ಎಂದೆ. ಅವನು "ಏನರೆ ಚೆಂದಂದು ಬರಿ ಮಗಳ" ಎಂದಿದ್ದನಂತೆ. ಬೇಳೆ ವ್ಯಾಪಾರಿಗೆ ಮಾತನ್ನು ಅಳೆದು ಆಡಬೇಕೆಂದು ಗೊತ್ತಿರಬೇಕಿತ್ತು.

೧೫ ನವೆಂಬರ್, ಭಾನುವಾರ

ಊಟದ ಹೊತ್ತಿಗೆ ಜಗಳ. ಚಿತ್ರ ಎಂದರೆ ಯಾವುದಾದರೂ ಒಂದರ ಚಿತ್ರ ಆಗಬೇಕು, ಎತ್ತಿನದೋ ಎಮ್ಮೆಯದೋ ಎಂದೆ. ನೀಲಾ ಗೋಡೆಗೆ ತೂಗುಹಾಕಿದ್ದ ನಮ್ಮಪ್ಪನ ಫೋಟೋ ತೋರಿಸಿದಳು.

"ಮುತ್ಯಾನ ಮಾರಿ ಹೆಂಗಿತ್ತು ಅಂತ ಆ ಕ್ಯಾಮೆರಾ ಒಂದ್ ಕ್ಷಣದಾಗ ಹೇಳ್ತದ. ಅದಕ್ಕೂ ಮೊದಲು ಆ ಕೆಲಸ ಚಿತ್ರಗಾರರದ್ದು. ಕ್ಯಾಮೆರಾ ಬಂದು ಆ ಕೆಲಸ ಕಸಗೊಂತು. ಆಗ ಅವರು, ನಮ್ಮ ಕೈಯಾಗ ಉಳದದ್ದು ಏನು ಅಂತ ಕೇಳಿಕೊಂಡ್ರು."

ಉಳಿದದ್ದು ಬಣ್ಣ, ಗೆರೆ, ಆಕಾರ, ಬೆಳಕು, ಅಷ್ಟೇ ಅಂತೆ. ಫ್ರಾನ್ಸಿನಲ್ಲಿ ಮೊನೆ ಎಂಬವನು ಒಂದೇ ಹುಲ್ಲಿನ ಬಣಿವೆಯನ್ನು ಮುಂಜಾನೆ, ಸಂಜೆ, ಹಿಮ ಬಿದ್ದಾಗ ಎಂದು ಮತ್ತೆ ಮತ್ತೆ ಬರೆದನಂತೆ. ಬಣಿವೆ ಅದೇ, ಬೆಳಕು ಬೇರೆ. ಕಡೆಗೆ ಬಣಿವೆ ನೆಪವಾಯಿತು, ಬೆಳಕೇ ವಿಷಯವಾಯಿತು. ಅವನ ಬಳಿಕ ಸೆಜಾನ್ ಎಂಬವನು ಬೆಟ್ಟವನ್ನು ಬಣ್ಣದ ತುಂಡುಗಳನ್ನು ಜೋಡಿಸಿ ಕಟ್ಟಿದನಂತೆ.

"ಇದೆಲ್ಲ ಒಂದೇ ದಿನಕ್ಕ ಆಗಿಲ್ಲ ಅಪ್ಪಾ. ಒಂದೊಂದು ಹೆಜ್ಜಿ ಹಿಂದ ಸರದಾರ."

ಹಿಂದೆ ಸರಿಯುವವರನ್ನು ನಮ್ಮ ಇಲಾಖೆಯಲ್ಲಿ ಬಡ್ತಿ ಕೊಡದೆ ಕೂಡಿಸುತ್ತಿದ್ದರು. ಗುರುಲಿಂಗಮ್ಮ ನಡುವೆ ಬಂದು, "ಪುಂಡಿಪಲ್ಯ ಆರ್ಲಿಕತ್ತದ, ಮೊದಲು ಉಣ್ರಿ" ಎಂದಳು. ಅವಳ ಪುಂಡಿಪಲ್ಯದ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯವಿಲ್ಲ.

೧೯ ನವೆಂಬರ್

ಭವನಕ್ಕೆ ಹೋಗಿದ್ದೆ. ಚಿತ್ರ ನೋಡಲು ಅಲ್ಲ. ಹೊಸ ಗೋಡೆ ತೇವ ಎಳೆದು ಥಂಡಿ ಹಿಡಿದಿದೆಯೇ ನೋಡಲು. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದಾರೆ, ಹಾಸು ಸಮವಾಗಿದೆ, ಸಂತೋಷ.

ನೀಲಾ ಏಣಿಯ ಮೇಲಿದ್ದಳು. ಗೋಡೆಗೆ ಬಿಳಿ ಬಳಿದು, ಅದರ ಮೇಲೆ ಬೂದು ಬಣ್ಣದ ದೊಡ್ಡ ಹಾಸು ಎಳೆಯುತ್ತಿದ್ದಳು. ಕೆಳಗೆ ಚಿತ್ರದ ಪುಸ್ತಕ ತೆರೆದಿತ್ತು. ಒಂದು ಪುಟದಲ್ಲಿ ಪಿಟೀಲು ಒಡೆದು ಹಾಕಿದಂತೆ ಕಾಣುವ ಚಿತ್ರ. ಒಂದೇ ವಸ್ತುವನ್ನು ಎದುರಿನಿಂದ, ಪಕ್ಕದಿಂದ, ಮೇಲಿನಿಂದ ನೋಡಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಇಟ್ಟಿದ್ದಾರೆ ಎಂದಳು.

ಇದು ನನಗೆ ತಕ್ಷಣ ತಿಳಿಯಿತು. ಮನೆ ಕಟ್ಟುವಾಗ ಮೇಲಿನ ನೋಟ, ಎದುರು ನೋಟ ಎರಡನ್ನೂ ಒಂದೇ ಕಾಗದದಲ್ಲಿ ಹಾಕುತ್ತೇವೆ. ಯಾರೂ ನಮ್ಮನ್ನು ಹುಚ್ಚರೆನ್ನಲಿಲ್ಲ. ಹಾಗೆಂದೆ. ಹುಡುಗಿ ಏಣಿಯ ಮೇಲಿನಿಂದಲೇ ಹಲ್ಲು ಕಿಸಿದಳು. ಗೋಡೆಗೆ ಥಂಡಿ ಇಲ್ಲ.

೨೭ ನವೆಂಬರ್

ಇವತ್ತು ಮತ್ತೊಬ್ಬನ ಕಥೆ. ಹಾಲೆಂಡಿನ ಮೊಂಡ್ರಿಯಾನ್. ಒಂದು ಮರವನ್ನು ಹಿಡಿದು ಕುಳಿತನಂತೆ. ಮೊದಲ ಚಿತ್ರದಲ್ಲಿ ಮರ ಮರವೇ, ಕೆಂಪು ಕೊಂಬೆಗಳು. ಮುಂದಿನದರಲ್ಲಿ ಬೂದು ಗೆರೆಗಳ ಬಾಗು. ಅದರ ಮುಂದಿನದರಲ್ಲಿ ಬಾಗಿದ ಗೆರೆಗಳ ಜಾಲ. ಕೆಲವು ವರ್ಷ ಕಳೆದು ನೆಟ್ಟ ಗೆರೆ, ಅಡ್ಡ ಗೆರೆ ಮತ್ತು ಬಣ್ಣದ ಚೌಕ ಮಾತ್ರ. ಮರ ಎಲ್ಲಿ ಹೋಯಿತೆಂದು ಕೇಳಬಾರದು.

"ಇದು ಒಂದು ದಾರಿ" ಎಂದಳು. "ಇರೋದ್ರಿಂದ ಬಿಟ್ಟುಕೋತ, ಬಿಟ್ಟುಕೋತ ಹೋಗೋದು. ಇನ್ನೊಂದು ದಾರಿ, ಮೊದಲಿಂದ್ಲೂ ಯಾವ ಸಾಮಾನೂ ಇಲ್ಲದೆ ಸುರು ಮಾಡೋದು. ನಂದು ಎರಡನೇದು."

ಬಿಟ್ಟುಕೊಳ್ಳುತ್ತ ಹೋಗುವುದು ನನ್ನ ಹೊಟ್ಟೆಪಾಡಾಗಿತ್ತು. ಹೊಲ ಅಳೆಯುವಾಗ ಬೆಳೆ ಬಿಟ್ಟೆವು, ದನ ಬಿಟ್ಟೆವು, ಬಿಸಿಲು ಬಿಟ್ಟೆವು, ಬಾಂದುಕಲ್ಲಿನ ಗಡಿಗೆರೆ ಇಟ್ಟುಕೊಂಡೆವು. ಆದರೆ ನನ್ನ ಗೆರೆ ಹಿಡಿದು ಹೋದರೆ ಒಂದು ಹೊಲ ಸಿಗುತ್ತದೆ. ಇವಳ ಗೆರೆ ಹಿಡಿದು ಹೋದರೆ ಗೋಡೆಯೇ ಸಿಗುತ್ತದೆ. ಈ ಮಾತು ಅವಳಿಗೆ ಹಿಡಿಸಿತು. ತಾಯಿಗೂ ಹೇಳಿದಳು. ನಾನು ಬೈದದ್ದು ಅದು.

೩ ಡಿಸೆಂಬರ್

ನನಗೆ ಉದ್ಯೋಗ ಸಿಕ್ಕಿದೆ. ಹೋಲಿಕೆ ಹುಡುಕುವುದು.

ಆದದ್ದಿಷ್ಟು. ಬಲಮೇಲ್ಗಡೆ ನೀಲಾ ಒಂದು ಅರೆದುಂಡು ಹಳದಿ ಇಟ್ಟಿದ್ದಳು, ಅದರ ಕೆಳಗೆ ಒಂದು ಅಡ್ಡ ಪಟ್ಟಿ. "ಸೂರ್ಯ ಮುಳುಗಲಿಕತ್ತಾನ" ಎಂದೆ, ಛೇಡಿಸಲೆಂದೇ. ಅವಳ ಮುಖ ಇಳಿಯಿತು. ಏಣಿ ಇಳಿದು ದೂರ ಹೋಗಿ ನೋಡಿದಳು, ಕಣ್ಣು ಕಿರಿದು ಮಾಡಿ ನೋಡಿದಳು. ಬಂದವಳೇ ಆ ಅರೆದುಂಡನ್ನು ಒರೆಸಿಬಿಟ್ಟಳು.

"ಕಣ್ಣು ಭಾಳ ಆಸೆಬುರುಕ ಅಪ್ಪಾ. ಒಂದು ಅಡ್ಡ ಗೆರೆ ಸಿಕ್ರ ಭೂಮಿ-ಆಕಾಶ ಮಾಡ್ತದ. ಎರಡು ಚುಕ್ಕಿ ಸಿಕ್ರ ಮಾರಿ ಮಾಡ್ತದ. ಒಮ್ಮೆ ಸೂರ್ಯ ಕಂಡ ಮ್ಯಾಲ ಆ ಹಳದಿ ಹೆಂಗದ ಅಂತ ಯಾರೂ ನೋಡಂಗಿಲ್ಲ. ಸೂರ್ಯ ಅಂದು ಮುಂದ ಹೋಗ್ತಾರ. ನಾಳಿಂದ ಏನರೆ ಕಂಡ್ರ ಹೇಳ್ರಿ."

ಸಂಬಳವಿಲ್ಲದ ಹುದ್ದೆ. ಆದರೂ ಒಪ್ಪಿಕೊಂಡೆ, ಮನೆಯಲ್ಲಿ ಕುಳಿತರೆ ಕಟ್ಟೆ ಅಳೆಯಬೇಕಾಗುತ್ತದೆ.

೫ ಡಿಸೆಂಬರ್

ಎಡಗಡೆ ಕೆಳಗೆ ಒಂದು ಎಮ್ಮೆ. ಅಳಿಸಿದಳು.

೬ ಡಿಸೆಂಬರ್

ನಡುವೆ ರೇವಣಪ್ಪನ ಮೂಗು. ಇಬ್ಬರೂ ನಕ್ಕು ನಕ್ಕು ಸಾಕಾಯಿತು. ಅಳಿಸಿದಳು.

೧೧ ಡಿಸೆಂಬರ್

ಇವತ್ತು ಬಹಳ ಹೊತ್ತು ಹುಡುಕಿದರೂ ಒಂದು ಕುರ್ಚಿಯ ಕಾಲು ಬಿಟ್ಟರೆ ಏನೂ ಸಿಗಲಿಲ್ಲ. ಕೆಲಸ ಕಡಿಮೆಯಾಗುತ್ತಿದೆ.

ಅವಳು ಕೆಲಸ ಮಾಡುವ ರೀತಿ ಬರೆದಿಡುತ್ತೇನೆ. ಹಳದಿಯನ್ನು ಮೊದಲು ಹಚ್ಚಿ ಒಣಗಲು ಬಿಟ್ಟು, ಅದರ ಮೇಲೆ ಬೂದಿ ಬಣ್ಣವನ್ನು ಎಣ್ಣೆ ಹೆಚ್ಚು ಬೆರೆಸಿ ತೆಳ್ಳಗೆ ಎಳೆಯುತ್ತಾಳೆ. ಆಗ ಬೂದಿಯ ಒಳಗಿನಿಂದ ಹಳದಿ ಬೆಚ್ಚಗೆ ಕಾಣುತ್ತದೆ. ಬರೀ ಬೂದಿ ಹಚ್ಚಿದ ಕಡೆ ಹಾಗೆ ಆಗುವುದಿಲ್ಲ. ನೀಲಿಯ ಪಕ್ಕ ಕೆಂಪು ಇಟ್ಟರೆ ಕೆಂಪು ಮುಂದೆ ಬರುತ್ತದೆ, ನೀಲಿ ಹಿಂದೆ ಸರಿಯುತ್ತದೆ, ಗೋಡೆ ಮಾತ್ರ ಇದ್ದಲ್ಲೇ ಇದೆ. ಅಂಚನ್ನು ಚೂಪಾಗಿ ಎಳೆದರೆ ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ, ಅಂಚು ಕದಡಿದರೆ ತೇಲುತ್ತದೆ. ಎಡಗಡೆ ಬೂದಿಯ ಹಾಸು ಬಹಳ ದೊಡ್ಡದು, ಬಲಗಡೆ ಒಂದು ಮೊರದಷ್ಟು ಕೆಂಪು. ಆ ಕೆಂಪನ್ನು ಅವಳು ಕಾಗದ ಕತ್ತರಿಸಿ ಗೋಡೆಯ ಮೇಲೆ ಅಲ್ಲಿಲ್ಲಿ ಸರಿಸಿ ನೋಡಿದಳು. ಒಂದು ಜಾಗದಲ್ಲಿ ಇಟ್ಟಾಗ ಇಡೀ ಗೋಡೆ ತಕ್ಕಡಿಯ ಹಾಗೆ ಸಮನಾಗಿ ನಿಂತಿತು. ಅಲ್ಲೇ ಎಂದೆ, ಅವಳೂ ಅಲ್ಲೇ ಎಂದಳು. ಇಬ್ಬರೂ ಒಟ್ಟಿಗೇ ಹೇಳಿದೆವು.

ಸಣ್ಣ ಕರಡುಗಳನ್ನು ತಲೆಕೆಳಗೆ ಮಾಡಿಯೂ ನೋಡುತ್ತಾಳೆ. ಕ್ಯಾಂಡಿನ್ಸ್ಕಿ ಎಂಬ ರಷ್ಯಾದವನು ಒಂದು ಸಂಜೆ ತನ್ನ ಕೋಣೆಗೆ ಬಂದಾಗ ಒಳಗಿನಿಂದ ಹೊಳೆಯುವಂಥ ಒಂದು ಚಿತ್ರ ಕಂಡು ಬೆರಗಾದನಂತೆ. ಹತ್ತಿರ ಹೋದರೆ ಅದು ಅವನದೇ ಚಿತ್ರ, ಅಡ್ಡಕ್ಕೆ ಒರಗಿಸಿ ಇಟ್ಟದ್ದು. ಮಾರನೆಯ ದಿನ ಹಗಲಿನಲ್ಲಿ ಅದರೊಳಗಿನ ಸಾಮಾನುಗಳು ಗುರುತು ಸಿಕ್ಕವು, ಆ ಬೆರಗು ಬರಲಿಲ್ಲ. ವಸ್ತುಗಳೇ ತನ್ನ ಚಿತ್ರಕ್ಕೆ ಕಂಟಕ ಎಂದು ಆಗ ಹೊಳೆಯಿತಂತೆ. ಹೀಗೆಂದು ಅವನೇ ಹೇಳಿಕೊಂಡಿದ್ದಾನೆ ಎಂದಳು.

ಈ ವಿಷಯದಲ್ಲಿ ನನಗೆ ಯಾವ ಅಭಿಪ್ರಾಯವೂ ಇಲ್ಲ.

೧೪ ಡಿಸೆಂಬರ್, ಸೋಮವಾರ

ಮುಂಜಾನೆ ಪೂಜೆ ಮುಗಿಸಿ ಏಳುವಾಗ ಗುರುಲಿಂಗಮ್ಮನಿಗೆ ಇನ್ನೊಬ್ಬ ರಷ್ಯಾದವನ ವಿಷಯ ಹೇಳಿದೆ. ಮಲೇವಿಚ್. ಬರೀ ಒಂದು ಕರಿ ಚೌಕ ಬರೆದು, ಅವರ ಮನೆಗಳಲ್ಲಿ ದೇವರ ಪಟ ಇಡುವ ಮೂಲೆ ಇದೆಯಲ್ಲ, ಪ್ರದರ್ಶನದಲ್ಲಿ ಹಾಗೆಯೇ ಮೇಲಿನ ಮೂಲೆಗೆ ತೂಗುಹಾಕಿದನಂತೆ. ಎಂಥ ಅಹಂಕಾರ ನೋಡು ಎಂದೆ.

ಅವಳು ವಿಭೂತಿ ಗಟ್ಟಿ ಎತ್ತಿಡುತ್ತ, "ಈಗ ಅಂಗೈಯಾಗ ಇಟ್ಕೊಂಡು ಕಣ್ಣು ಮಿಟುಕಿಸದೆ ನೋಡಿದ್ರಲ್ಲ, ಆ ಲಿಂಗ ಯಾವುದರ ಚಿತ್ರ ಅದ?" ಎಂದಳು.

ಅದು ಚಿತ್ರ ಅಲ್ಲ ಎಂದೆ.

"ಅದಕ್ಕ ಕಣ್ಣು ಅವ? ಮೂಗು ಅದ?"

ಇಲ್ಲ ಎಂದೆ.

"ಹಂಗಿದ್ರ ಸುಮ್ಕ ಛಾ ಕುಡೀರಿ."

ಕುಡಿದೆ.

೨೦ ಡಿಸೆಂಬರ್, ಭಾನುವಾರ

ಮುಗಿಯಿತು. ಗೆಳೆಯ ಸಿರಾಜುದ್ದೀನ ಬಂದು ನೋಡಿದ. ಬಟ್ಟೆ ಅಂಗಡಿಯವನು, ವಾಚನಾಲಯದ ಖಜಾಂಚಿ. ಸುಮಾರು ಹೊತ್ತು ನಿಂತು, "ಸರ್ವೇಯರ್ ಸಾಬ್, ನಮ್ಮ ಮಸೀದಿ ಗ್ವಾಡಿಗೆ ಎಂದೂ ಯಾರೂ ಎತ್ತು ಬರದಿಲ್ಲ. ನಮಗ ಇದೇನ್ ಹೊಸಾದಲ್ಲ" ಎಂದ. ನೀಲಾ ಒಪ್ಪಲಿಲ್ಲ, "ಅದು ಜಾಲರಿ ಕಾಕಾ, ಒಂದು ಲೆಕ್ಕದಾಗ ಮತ್ತ ಮತ್ತ ಬರ್ತದ. ಇದರಾಗ ಯಾವುದೂ ಎರಡು ಸಲ ಬರಂಗಿಲ್ಲ" ಎಂದಳು. ಅವನು ಬಟ್ಟೆಯ ಥಾನು ಪರೀಕ್ಷೆ ಮಾಡುವವನಂತೆ ಮತ್ತೊಮ್ಮೆ ನೋಡಿ, ಹೌದೆಂದ.

ಕೊನೆಯ ತಪಾಸಣೆ ನನ್ನದು. ಮುಖ ಇಲ್ಲ, ಪ್ರಾಣಿ ಇಲ್ಲ, ಮರ ಇಲ್ಲ, ಪಾತ್ರೆ ಪಡಗ ಇಲ್ಲ. ಯಾವ ಹೋಲಿಕೆಯೂ ಇಲ್ಲವೆಂದು ನಾನೇ ಖಾತ್ರಿ ಕೊಟ್ಟೆ.

೨೬ ಡಿಸೆಂಬರ್, ಎಳ್ಳಮಾಸಿ

ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಎಣ್ಣೆ ಬದನೆಕಾಯಿ ಹೊಟ್ಟೆ ತುಂಬ ಉಂಡು ಮರದ ಕೆಳಗೆ ಕಾಲು ಚಾಚಿದ್ದೆ. ಪಕ್ಕದ ಹೊಲದವರು ಬಂದು ಸುತ್ತ ಕುಳಿತರು. ಒಬ್ಬರೂ ಹಬ್ಬದ ಮಾತಾಡಲಿಲ್ಲ. ಕಡೆಗೆ ಒಬ್ಬ ಕೇಳಿದ, "ಸಾಹೇಬ್ರೆ, ಕಾರ್ಖಾನಿಗಿ ಯಾರ್ಯಾರ ಹೊಲ ಹೋಗ್ತಾವ ಅಂತ ನಿಮ್ಮ ಮಗಳು ಗ್ವಾಡಿ ಮ್ಯಾಲ ಬರದಾಳಂತ. ನಮ್ಮದು ಅದರಾಗ ಅದ ಏನ್ರಿ?"

ಚಾಚಿದ ಕಾಲು ಮಡಚಿ ಎದ್ದು ಕುಳಿತೆ.

ಹೊಸ ಸಿಮೆಂಟ್ ಕಾರ್ಖಾನೆ ಬರುತ್ತದೆ, ಜಮೀನು ಹೋಗುತ್ತದೆ ಎಂದು ವರ್ಷದಿಂದ ಗಾಳಿಸುದ್ದಿ ಇದೆ. ಎಲ್ಲಿ, ಯಾರದು ಎಂದು ಯಾರಿಗೂ ಗೊತ್ತಿಲ್ಲ. ಈಗ ಗೊತ್ತಾಗಿದೆಯಂತೆ. ಜನರ ಮಾತು ಹೀಗೆ: ಇವನು ನಿವೃತ್ತ ಸರ್ವೇಯರ್, ಕಚೇರಿಯ ಗುಟ್ಟು ಬಾಯಿ ಬಿಟ್ಟು ಹೇಳುವಂತಿಲ್ಲ. ಅದಕ್ಕೇ ಮಗಳ ಕೈಯಿಂದ ಬಣ್ಣದಲ್ಲಿ ಬರೆಸಿದ್ದಾನೆ. ಬೂದಿ ಬಣ್ಣ ಸಿಮೆಂಟ್ ಕಾರ್ಖಾನೆ. ಹಳದಿ, ನೀಲಿ ಉಳಿಯುವ ಹೊಲ. ಕೆಂಪು ಮೊದಲು ಹೋಗುವ ಹೊಲ.

ಎಮ್ಮೆ ಹುಡುಕಿದೆ, ಮೂಗು ಹುಡುಕಿದೆ, ಕುರ್ಚಿ ಕಾಲನ್ನೂ ಬಿಡಲಿಲ್ಲ. ಆಯುಷ್ಯವಿಡೀ ನಕಾಶೆ ಬರೆದ ನನಗೆ ನಕಾಶೆ ಕಾಣಲಿಲ್ಲ. ಉತ್ತರ ದಿಕ್ಕಿನ ಬಾಣವಿಲ್ಲದ, ಸರ್ವೆ ನಂಬರ್ ಇಲ್ಲದ ಬಣ್ಣದ ಚೌಕಗಳನ್ನು ಯಾರಾದರೂ ನಕಾಶೆ ಎಂದಾರು ಎಂದು ಕನಸಿನಲ್ಲೂ ಅನ್ನಿಸಿರಲಿಲ್ಲ.

೨೮ ಡಿಸೆಂಬರ್

ಭವನದ ಮುಂದೆ ಬಂಡಿಗಳು. ಒಳಗೆ ಜನ. ಪಹಣಿ ಕೈಯಲ್ಲಿ ಹಿಡಿದು ಗೋಡೆ ನೋಡುತ್ತಿದ್ದಾರೆ.

೨೯ ಡಿಸೆಂಬರ್

ಹೋಟೆಲಿನಲ್ಲಿ ನಾನು ಕುಳಿತ ಬೆಂಚಿನಿಂದ ಇಬ್ಬರು ಎದ್ದು ಹೋದರು. ಮನಸ್ಸಿಗೆ ಬಹಳ ಕೆಟ್ಟದೆನಿಸಿತು.

೩೧ ಡಿಸೆಂಬರ್, ಗುರುವಾರ

ರೇವಣಪ್ಪ ಮನೆಗೆ ಬಂದ. ಒಳ್ಳೆಯವನೇ, ಅಂಜುಬುರುಕ. ದೇಣಿಗೆ ಕೊಟ್ಟವರಲ್ಲಿ ಅರ್ಧ ಜನ ರೈತರು. ಉದ್ಘಾಟನೆಗೆ ಕಲ್ಲು ಬಿದ್ದರೆ ಏನು ಗತಿ ಎಂದು ಅವನ ಚಿಂತೆ. ಗೋಡೆಗೆ ಸುಣ್ಣ ಹೊಡೆಸುತ್ತೇನೆ, ಇಲ್ಲವಾದರೆ ಒಂದು ಉಪಾಯವಿದೆ ಎಂದ.

"ನಕಾಶಿಯಾಗ ಎತ್ತು ಇರಂಗಿಲ್ಲ, ಹೌದಿಲ್ಲೋ? ಒಂದು ಎತ್ತು ಬರಸ್ರಿ. ದೊಡ್ಡದು. ಆಗ ಇದು ನಕಾಶಿ ಅಲ್ಲ, ಚಿತ್ರ ಅಂತ ಸಾಬೀತ ಆಗ್ತದ."

ಉಪಾಯ ನನಗೆ ಚೆನ್ನಾಗಿ ಕಂಡಿತು. ಎರಡು ತಿಂಗಳ ಹಿಂದೆ ಆಗಿದ್ದರೆ ನಾನೇ ಓಡಿಹೋಗಿ ಕುಂಚ ತಂದುಕೊಡುತ್ತಿದ್ದೆ. ನೀಲಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಕಾಕಾ, ಎತ್ತು ಬಂತಂದ್ರ ಅದು ನಿಲ್ಲಾಕ ಜಾಗ ಬೇಕು. ಬೂದಿ ಬಣ್ಣ ಅದರ ಹೊಲ ಆಗ್ತದ, ನೀಲಿ ಆಕಾಶ ಆಗ್ತದ. ಈಗ ನಕಾಶಿ ಅಲ್ಲ. ಎತ್ತು ನಿಂತ್ರ ಖರೇನೇ ನಕಾಶಿ ಆಗ್ತದ."

ರೇವಣಪ್ಪ ತಲೆ ತುರಿಸಿಕೊಂಡ. ಅವಳ ಮಾತು ಸರಿ, ಅದಕ್ಕೇ ಕಷ್ಟ. ಹತ್ತನೇ ತಾರೀಖಿನವರೆಗೆ ಸಮಯ ಕೊಟ್ಟು ಹೋದ.

೨ ಜನವರಿ ೧೯೮೨

ಇವತ್ತು ಬೇರೆಯೇ ಪೇಚು. ಸುಣ್ಣ ತಾನೇ ಹೊಡೆಯುತ್ತೇನೆ ಎಂದು ನೀಲಾ ಬಕೀಟು ಎತ್ತಿಕೊಂಡು ಹೊರಟಿದ್ದಳು.

"ಸೂರ್ಯ ಕಂಡ್ರ ಅಳಿಸಿದೆ, ಎಮ್ಮಿ ಕಂಡ್ರ ಅಳಿಸಿದೆ. ಈಗ ಊರಿಗೆಲ್ಲ ನಕಾಶಿ ಕಾಣ್ಲಿಕತ್ತದ. ಅದನ್ನ ಯಾಕ ಉಳಸ್ಬೇಕು? ನಾ ಸೋತೆ ಅಪ್ಪಾ. ಫೆಬ್ರವರಿಗಿ ಟ್ರೇಸರ್ ಕೆಲಸಕ್ಕ ಹೋಗ್ತೀನಿ."

ಹುಡುಗಿಯ ಕಣ್ಣಲ್ಲಿ ನೀರು. ನಾನು ಬಯಸಿದ್ದೇ ಬಾಗಿಲಿಗೆ ಬಂದು ನಿಂತಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅದರ ಬದಲು ಬಕೀಟು ಕಸಿದುಕೊಂಡೆ. ಸುಣ್ಣ ಧೋತರದ ಮೇಲೆಲ್ಲ ಚೆಲ್ಲಿತು.

"ಎಮ್ಮಿ ನಾವು ಗ್ವಾಡಿ ಮ್ಯಾಲ ಕಂಡೇವು. ಈ ನಕಾಶಿ ಗ್ವಾಡಿ ಮ್ಯಾಲಿಲ್ಲ ಅವ್ವಾ, ಅವರ ಹೆದರಿಕಿ ಒಳಗದ. ನೀ ಎಂಥಾ ಚಿತ್ರ ಬರದ್ರೂ ಈ ವರ್ಷ ಅವರಿಗಿ ನಕಾಶಿನೇ ಕಾಣ್ತದ. ಚಿತ್ರ ಅಳಿಸಿದ್ರ ಗುಟ್ಟು ಮುಚ್ಚಿಟ್ರು ಅಂತಾರ. ಅವರ ಎದುರಿಗೇ ಅಳದು ತೋರಿಸ್ತೀನಿ."

ಈ ಮಾತೆಲ್ಲ ಎಲ್ಲಿಂದ ಬಂತೋ. ಧೋತರದ ಬಗ್ಗೆ ಗುರುಲಿಂಗಮ್ಮ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

೧೦ ಜನವರಿ, ಭಾನುವಾರ

ಆದದ್ದೆಲ್ಲ ಮಲಗುವ ಮೊದಲೇ ಬರೆದಿಡುತ್ತೇನೆ.

ಊರೂರಿಗೆ ಡಂಗುರ ಹೊಡೆಸಿದ್ದೆ: ಗೋಡೆಯ ಸರ್ವೆ ನಡೆಯುತ್ತದೆ, ಸಂಬಂಧಪಟ್ಟವರು ಹಾಜರಿರಬೇಕು. ಭವನ ತುಂಬಿ ಹೊರಗೂ ಜನ. ಹೊಲ ಅಳೆಯುವ ನನ್ನ ಹಳೆಯ ಸರಪಳಿ ತಂದಿದ್ದೆ. ಒಂದು ತುದಿ ನನ್ನ ಕೈಯಲ್ಲಿ, ಒಂದು ತುದಿ ಸಿರಾಜುದ್ದೀನನ ಕೈಯಲ್ಲಿ. ನೀಲಾ ಮೂಲೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ಎಲ್ಲರಿಗಿಂತ ಮುಂದೆ ಮಳಖೇಡದ ಸಾಬಮ್ಮ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು. ಗಂಡ ತೀರಿದ ಮೇಲೆ ನಾಲ್ಕು ಎಕರೆಯನ್ನು ಒಬ್ಬಳೇ ನಡೆಸುವ ಹೆಂಗಸು. ಕೆಂಪು ತನ್ನ ಹೊಲ ಎಂದು ಅವಳ ನಂಬಿಕೆ. ಅವಳ ಹೊಲದ ಮಣ್ಣು ಕೆಂಪು, ಗೋಡೆಯ ಮೇಲೆ ಕೆಂಪಿನ ಪಕ್ಕ ಕಾರ್ಖಾನೆಯ ಬೂದಿ.

ಮೊದಲು ಅಳತೆಯಿಂದ ಸೋಲಿಸಬೇಕೆಂದುಕೊಂಡೆ. "ಈ ಕೆಂಪು ನಿನ್ನ ನಾಕು ಎಕರೆ ಅಂತ ಹಿಡಿ. ಆ ಲೆಕ್ಕದಾಗ ಬೂದಿ ಎಷ್ಟು ಆಗ್ತದ ನೋಡಣ" ಎಂದು ಸರಪಳಿ ಎಳೆದು ಗುಣಿಸಿದೆ. ಚಿಂಚೋಳಿ ಅಡವಿಯವರೆಗೂ ಹೋಗುತ್ತದೆ, ಎಲ್ಲರೂ ನಗುತ್ತಾರೆ ಎಂದುಕೊಂಡಿದ್ದೆ. ಉತ್ತರ ಬಂತು: ಒಂದು ಸಿಮೆಂಟ್ ಕಾರ್ಖಾನೆಗೆ ಎಷ್ಟು ಬೇಕೋ ಅಷ್ಟೇ. ಜನ ಗುಜುಗುಜು ಅಂದರು. ಸಿರಾಜುದ್ದೀನ ಸರಪಳಿ ಬಿಟ್ಟು ಬಾಗಿಲು ನೋಡಿದ. ನಾನು ಸರಪಳಿ ಸುತ್ತಿಟ್ಟು ಗೋಡೆಗೆ ಹತ್ತಿರ ಸರಿದೆ.

ಎರಡನೆಯದು, ಪದರ. "ಇಲ್ಲಿ ನೋಡ್ರಿ, ಬೂದಿ ತೆಳಗ ಹಳದಿ ಅದ. ಒಂದು ಹೊಲದ ಮ್ಯಾಲ ಇನ್ನೊಂದು ಹೊಲ ಇರ್ತದೇನು?"

"ಅಣ್ಣತಮ್ಮರ ಪಾಲಿನ್ಯಾಗ ಇರ್ತದ್ರಿ" ಎಂದಳು ಸಾಬಮ್ಮ. ಎಲ್ಲರೂ ಗೊಳ್ಳೆಂದರು. ನಾನೂ ನಕ್ಕೆ, ಏನು ಮಾಡಲಿ. ಆದರೆ ನಕ್ಕ ಮೇಲೆ ಜನ ಸ್ವಲ್ಪ ಸಡಿಲವಾದರು. ಊರ ಜಾಗ ಎಲ್ಲಿ, ಹೊಲಕ್ಕೆ ಹೋಗುವ ದಾರಿ ಎಲ್ಲಿ, ಬಾವಿ ಎಲ್ಲಿ, ಉತ್ತರ ಯಾವ ಕಡೆ ಎಂದು ಕೇಳುತ್ತ ಹೋದೆ. ಜನ ಗೋಡೆಯ ತುಂಬ ಕಣ್ಣಾಡಿಸಿ ಹುಡುಕತೊಡಗಿದರು.

ಆಗ ಹೊಳೆಯಿತು. "ಇನ್ನ ಯಾರ್ಯಾರ ಹೊಲ ಇದರಾಗ ಅವ, ಬಂದು ಕೈ ಇಟ್ಟು ತೋರಸ್ರಿ" ಎಂದೆ.

ತೆಂಗಳಿಯ ಸಂಗಣ್ಣ ಎದ್ದು ಬಂದು ಕೈ ಇಟ್ಟ. ಕೆಂಪಿನ ಮೇಲೆ. ಗುಂಡಗುರ್ತಿಯ ಅಂಬಾರಾಯ ಬಂದ. ಅವನದೂ ಕೆಂಪಿನ ಮೇಲೆ.

"ಏ, ಅದು ನಂದು" ಎಂದು ಸಾಬಮ್ಮ ತಾನೂ ಬಂದು ಕೈ ಇಟ್ಟಳು.

"ನಿಂದು ಹೆಂಗ ಆಗ್ತದಬೇ, ನಂದು" ಎಂದ ಸಂಗಣ್ಣ. "ಹಳ್ಳದ ಬಾಜೂ ಇರೋದು ನಮ್ಮ ಹೊಲ."

"ಹಳ್ಳ ಎಲ್ಲದ ಇದರಾಗ?" ಎಂದ ಅಂಬಾರಾಯ.

ತಮ್ಮ ಹೊಲ ಹೋಗುತ್ತದೆ ಎಂದು ಅಳುತ್ತ ಬಂದವರು, ಹೋಗುವ ಹೊಲ ತನ್ನದು ತನ್ನದು ಎಂದು ಜಗಳಕ್ಕೆ ನಿಂತರು. ಅವರ ದನಿ ಏರುವವರೆಗೆ ಬಿಟ್ಟೆ. ಆಮೇಲೆ ಮೆಲ್ಲಗೆ ಕೇಳಿದೆ, "ಮಳಖೇಡ, ತೆಂಗಳಿ, ಗುಂಡಗುರ್ತಿ. ಒಂದೇ ಕೆಂಪು ಮೂರೂ ಊರಿನ ಹೊಲ ಹೆಂಗ ಆಗ್ತದ?"

ಮೂವರೂ ಕೈ ತೆಗೆದು ಅಂಗೈ ನೋಡಿಕೊಂಡರು. ಯಾರೋ ಹಿಂದಿನಿಂದ ಮೊದಲು ನಕ್ಕರು. ಆಮೇಲೆ ಇಡೀ ಭವನ ನಕ್ಕಿತು. ಸಾಬಮ್ಮ ಮಾತ್ರ ನಗಲಿಲ್ಲ, ಶಹಾಬಾದ್ ಕಲ್ಲಿನ ಮೇಲೆ ದೊಪ್ಪೆಂದು ಕುಳಿತುಬಿಟ್ಟಳು. ಎಷ್ಟು ದಿನದ ಹೆದರಿಕೆಯೋ.

ಕಾರ್ಖಾನೆ ಬಂದರೂ ಬರಬಹುದು, ಅದು ನನಗೆ ಗೊತ್ತಿಲ್ಲ, ಬಂದರೆ ಸರ್ಕಾರ ಕಾಗದ ಕೊಟ್ಟು ಹೇಳಬೇಕು, ಗೋಡೆ ಹೇಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಆಮೇಲೆ ಪಂಚನಾಮೆ ಬರೆದೆ. ನಾನು ಬರೆದ ಪಂಚನಾಮೆಗಳಲ್ಲಿ ಇದರಂಥದ್ದು ಇನ್ನೊಂದಿಲ್ಲ: "ಸದರಿ ಗೋಡೆಯನ್ನು ಪಂಚರ ಸಮಕ್ಷಮ ತಪಾಸಣೆ ಮಾಡಲಾಗಿ, ಅದರ ಮೇಲೆ ಯಾವ ಊರು, ಹೊಲ, ಕಾರ್ಖಾನೆ, ಮನುಷ್ಯ, ದನಕರು, ಗಿಡಮರ ಕಂಡುಬಂದಿಲ್ಲ. ಇದು ಯಾವುದರ ನಕಾಶೆಯೂ ಅಲ್ಲ, ಯಾವುದರ ಚಿತ್ರವೂ ಅಲ್ಲ. ಬಣ್ಣ ಮಾತ್ರ ಇದೆ." ಸಂಗಣ್ಣ, ಅಂಬಾರಾಯ ಸಹಿ ಹಾಕಿದರು. ಸಾಬಮ್ಮ ಹೆಬ್ಬೆಟ್ಟು ಒತ್ತಿದಳು.

ರೇವಣಪ್ಪನಿಗೆ ಎತ್ತಿನ ವಿಷಯ ಏನು ಮಾಡೋಣ ಎಂದೆ. ಅವನು ಪಂಚನಾಮೆಯನ್ನು ಓದಿ, ಮಡಚಿ ಕಿಸೆಗೆ ಇಟ್ಟುಕೊಂಡ. "ದನಕರು ಇಲ್ಲ ಅಂತ ಬರದೀರಲ್ರಿ. ಈಗ ಎತ್ತು ಹಾಕಿದ್ರ ಪಂಚನಾಮಿ ಸುಳ್ಳಾಗ್ತದ. ಕಾನೂನು ಪ್ರಕಾರ ಹಾಕಂಗಿಲ್ಲ" ಎಂದ. ನೀಲಾ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು. ನಕ್ಕಳೋ ಅತ್ತಳೋ.

ಎಲ್ಲರೂ ಹೋದರೂ ಸಾಬಮ್ಮ ಕುಳಿತೇ ಇದ್ದಳು. ಬಂಡಿ ಹೊರಡುತ್ತದೆ, ಏಳವ್ವ ಎಂದೆ.

"ಕುಂದ್ರಿ ಸಾಹೇಬ್ರೆ, ಅವಸರ ಏನದ" ಎಂದಳು. "ಇಷ್ಟ್ ದಿನ ಬಂದು ಬಂದು ಬರೀ ನನ್ನ ಹೊಲ ನೋಡೀನಿ. ನಂದಲ್ಲ ಅಂತ ಈಗ ಗೊತ್ತಾತಲ್ಲ. ಇವತ್ತರೆ ಇದನ್ನ ನೋಡ್ತೀನಿ."

ಅವಳ ಪಕ್ಕ ನಾನೂ ಕುಳಿತೆ.

೧೪ ಜನವರಿ, ಸಂಕ್ರಾಂತಿ

ಉದ್ಘಾಟನೆ ಆಯಿತು. ಭಾಷಣಗಳು ಉದ್ದ. ಚಿತ್ರಕ್ಕೆ ಹೆಸರೇನು ಎಂದು ಕೇಳಿದವರಿಗೆಲ್ಲ ರೇವಣಪ್ಪ ಪಂಚನಾಮೆ ತೋರಿಸುತ್ತಿದ್ದಾನೆ, ಅದಕ್ಕೆ ಚೌಕಟ್ಟು ಬೇರೆ ಹಾಕಿಸಿದ್ದಾನೆ. ವಾಡಿಯ ರೈಲ್ವೆ ನೌಕರರ ಸಂಘದವರೊಬ್ಬರು ಬಂದಿದ್ದರು. ಅವರ ಸಭಾಂಗಣದಲ್ಲೂ ಒಂದು ಬೋಳು ಗೋಡೆ ಇದೆಯಂತೆ. ರೈಲು ಬರೆಯಬೇಕೇ ಎಂದು ನೀಲಾ ಅಂಜುತ್ತ ಕೇಳಿದಳು. "ಬ್ಯಾಡವ್ವಾ, ರೈಲು ದಿನಾ ನೋಡ್ತೀವಿ" ಎಂದರು.

ಕುಸುರೆಳ್ಳು ಹಂಚಿ ಮನೆಗೆ ಬಂದಾಗ ನೀಲಾ ಕರಾರು ನೆನಪಿಸಿದಳು. ಯಾವ ಕರಾರು ಎಂದೆ. ಟ್ರೇಸರ್ ಅರ್ಜಿಯನ್ನು ಹಿಂದಕ್ಕೆ ಕೊಡಿ ಎಂದು ನಾನು ಸಾಹೇಬರಿಗೆ ಮೂರನೇ ತಾರೀಖಿಗೇ ಕಾಗದ ಬರೆದಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ. ಗುರುಲಿಂಗಮ್ಮನಿಗೆ ಗೊತ್ತು, ಅಂಚೆ ಪೆಟ್ಟಿಗೆಗೆ ಹಾಕಿ ಬಂದವಳು ಅವಳೇ.

೧೯ ಜನವರಿ, ಮಂಗಳವಾರ

ಬಿಸಿಲು ಇಳಿದ ಮೇಲೆ ಭವನಕ್ಕೆ ಹೋದೆ, ಗೋಡೆಗೆ ಥಂಡಿ ಹಿಡಿದಿದೆಯೇ ನೋಡಲು. ಒಳಗೆ ಯಾರೂ ಇರಲಿಲ್ಲ. ಪಡುವಣ ಕಿಟಕಿಯ ಬೆಳಕು ಬೂದಿಯ ಮೇಲೆ ಬಿದ್ದು ಒಳಗಿನ ಹಳದಿ ಎದ್ದು ಬಂದಿತ್ತು. ಕೆಂಪು ತನ್ನ ಜಾಗದಲ್ಲಿ ಇತ್ತು. ಹಳೆಯ ಚಾಳಿ, ಎಮ್ಮೆ, ಮೂಗು, ನಕಾಶೆ ಎಲ್ಲ ಹುಡುಕಿದೆ.

ಇವತ್ತು ಏನೂ ಕಾಣಲಿಲ್ಲ. ಕತ್ತಲಾಗುವವರೆಗೆ ನೋಡಿದೆ.